ಎಪ್ಪತ್ತು ಚೀಟಿಗಳ ಲೆಕ್ಕ

2024ರ ಜನವರಿ 30ರಂದು ಚಂಡೀಗಢದ ನಗರಪಾಲಿಕೆಯಲ್ಲಿ ಮೇಯರ್ ಚುನಾವಣೆ ನಡೆಯಿತು. ರಹಸ್ಯ ಮತದಾನ. ಮತದಾರರು ಒಟ್ಟು 36 ಮಂದಿ: 35 ಸದಸ್ಯರು ಮತ್ತು ಒಬ್ಬ ಸಂಸದರು. ಚುನಾವಣಾಧಿಕಾರಿ ಮತಪತ್ರಗಳನ್ನು ಎಣಿಸಿ ಫಲಿತಾಂಶ ಘೋಷಿಸಿದರು. ಒಬ್ಬ ಅಭ್ಯರ್ಥಿಗೆ 16, ಇನ್ನೊಬ್ಬರಿಗೆ 12, ತಿರಸ್ಕೃತ 8. ಹದಿನಾರು, ಹನ್ನೆರಡು, ಎಂಟು ಕೂಡಿದರೆ ಸರಿಯಾಗಿ 36. ಲೆಕ್ಕದಲ್ಲಿ ಒಂದು ಚೀಟಿಯೂ ಹೆಚ್ಚು ಕಡಿಮೆಯಾಗಿರಲಿಲ್ಲ.

ಆದರೂ ಮೂರು ವಾರಗಳ ನಂತರ, ಫೆಬ್ರವರಿ 20ರಂದು, ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನು ರದ್ದು ಮಾಡಿತು. ನ್ಯಾಯಮೂರ್ತಿಗಳು ತಿರಸ್ಕೃತವಾದ ಎಂಟು ಮತಪತ್ರಗಳನ್ನು ತರಿಸಿಕೊಂಡು ಕಣ್ಣಾರೆ ನೋಡಿದರು. ಎಣಿಕೆಯ ವಿಡಿಯೊವನ್ನೂ ನೋಡಿದರು. ಚುನಾವಣಾಧಿಕಾರಿ ತಮ್ಮ ಪೆನ್ನಿನಿಂದಲೇ ಆ ಚೀಟಿಗಳ ಮೇಲೆ ಗುರುತು ಹಾಕಿದ್ದು ಖಚಿತವಾಯಿತು. ಅಲ್ಲಿನ ನಿಯಮದ ಪ್ರಕಾರ ಮತಪತ್ರ ಅಸಿಂಧುವಾಗಲು ಮೂರೇ ಕಾರಣಗಳು: ಒಬ್ಬರಿಗಿಂತ ಹೆಚ್ಚು ಜನರಿಗೆ ಮತ ಹಾಕಿರಬೇಕು, ಮತದಾರ ಯಾರೆಂದು ತಿಳಿಯುವ ಗುರುತಿರಬೇಕು, ಇಲ್ಲವೇ ಮತ ಯಾರಿಗೆಂದು ಸ್ಪಷ್ಟವಾಗದಂತಿರಬೇಕು. ಆ ಎಂಟರಲ್ಲಿ ಒಂದಕ್ಕೂ ಈ ಕಾರಣಗಳು ಹೊಂದಲಿಲ್ಲ. ಎಂಟೂ ಸೋತರೆಂದು ಘೋಷಿಸಲಾಗಿದ್ದ ಅಭ್ಯರ್ಥಿಗೇ ಬಿದ್ದಿದ್ದವು. ಹನ್ನೆರಡಕ್ಕೆ ಎಂಟು ಸೇರಿ ಇಪ್ಪತ್ತಾಯಿತು. ಕುಲದೀಪ್ ಕುಮಾರ್ ಮೇಯರ್ ಎಂದು ನ್ಯಾಯಾಲಯವೇ ಘೋಷಿಸಿತು.

ಅಲ್ಲಿ ಹೈಕೋರ್ಟ್ ಮೊದಲೇ ಹೇಳಿದ್ದರಿಂದ ಕ್ಯಾಮೆರಾ ಇತ್ತು, ಮತಪತ್ರಗಳೂ ಭದ್ರವಾಗಿದ್ದವು. ನಮ್ಮೂರಿನ ಯುವಕ ಸಂಘ, ಸಾಹಿತ್ಯ ವೇದಿಕೆ, ಬಡಾವಣೆಯ ನಿವಾಸಿಗಳ ಸಂಘ, ನೌಕರರ ಒಕ್ಕೂಟಗಳ ಚುನಾವಣೆಯಲ್ಲಿ ಕ್ಯಾಮೆರಾ ಇರುವುದು ಅಪರೂಪ. ಅಲ್ಲಿ ಉಳಿಯುವ ಸಾಕ್ಷಿ ಎರಡೇ, ನಡಾವಳಿ ಪುಸ್ತಕ ಮತ್ತು ಅರಗು ಹಾಕಿದ ಒಂದು ಲಕೋಟೆ. ಅನೇಕ ನಡಾವಳಿ ಪುಸ್ತಕಗಳನ್ನು ತಿರುವಿ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಚುನಾವಣೆಯ ಪುಟದಲ್ಲಿರುವುದು ಒಂದೇ ಸಾಲು: ‘ರಹಸ್ಯ ಮತದಾನ ನಡೆಸಲಾಗಿ ಶ್ರೀಯುತರು ಬಹುಮತದಿಂದ ಅಧ್ಯಕ್ಷರಾಗಿ ಆಯ್ಕೆಯಾದರು.’ ಎಷ್ಟು ಮಂದಿ ಮತ ಹಾಕಿದರು, ಎಷ್ಟು ಚೀಟಿ ತಿರಸ್ಕೃತವಾದವು, ಯಾಕೆ ತಿರಸ್ಕೃತವಾದವು, ಯಾರು ಎಣಿಸಿದರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಗೆದ್ದವರಿಗೆ ಆ ಸಾಲು ಸಾಕು. ನಡಾವಳಿ ಬರೆಯಬೇಕಾದದ್ದು ಸೋತವರು ಓದಿ ಒಪ್ಪುವಂತೆ.

ಅದನ್ನು ಹೇಗೆ ಬರೆಯಬೇಕೆಂದು ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರದ ಒಂದು ಸಂಘ. ಮತದಾನದ ಹಕ್ಕಿರುವ ಸದಸ್ಯರು 84. ಅಧ್ಯಕ್ಷ ಸ್ಥಾನಕ್ಕೆ ಮೂವರು ನಾಮಪತ್ರ ಕೊಟ್ಟಿದ್ದರು, ಒಬ್ಬರು ವಾಪಸು ಪಡೆದರು, ಕಣದಲ್ಲಿ ಇಬ್ಬರು ಉಳಿದರು. ಅವರನ್ನು ‘ಅ’ ಮತ್ತು ‘ಬ’ ಎಂದು ಕರೆಯೋಣ.

ಪೆಟ್ಟಿಗೆ ಮುಚ್ಚುವ ಮೊದಲಿನ ಲೆಕ್ಕ

ಎಣಿಕೆಯ ದಾಖಲೆ ಎಣಿಕೆಯಿಂದ ಶುರುವಾಗುವುದಿಲ್ಲ, ಮತಪತ್ರ ಅಚ್ಚು ಹಾಕಿಸಿದಲ್ಲಿಂದಲೇ ಶುರುವಾಗುತ್ತದೆ. ನಮ್ಮ ಸಂಘ 100 ಮತಪತ್ರ ಮಾಡಿಸಿತು. ಚುನಾವಣಾಧಿಕಾರಿ ಮೊದಲು ಬರೆದುಕೊಳ್ಳಬೇಕಾದ ಸಂಖ್ಯೆ ಇದು. ಪ್ರತಿ ಮತಪತ್ರದ ಹಿಂಬದಿಗೆ ಅವರ ಸಹಿ ಇಲ್ಲವೇ ಸಂಘದ ಮೊಹರು ಬೀಳಬೇಕು. ಹೊರಗಿನಿಂದ ಯಾರಾದರೂ ಚೀಟಿ ತಂದು ಹಾಕಿದರೆ ತಿಳಿಯುವುದು ಅದರಿಂದಲೇ.

ಸದಸ್ಯರು ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಸಹಿ ಹಾಕಿ ಮತಪತ್ರ ಪಡೆಯುತ್ತಾರೆ. ಇಲ್ಲಿ ಒಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ಕೆಲವರು ಮತಪತ್ರಕ್ಕೆ ಕ್ರಮಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ಸದಸ್ಯರ ಹೆಸರಿನ ಮುಂದೆಯೂ ಬರೆದಿಡುತ್ತಾರೆ. ಅಚ್ಚುಕಟ್ಟಾದ ದಾಖಲೆಯಂತೆ ಕಾಣುತ್ತದೆ ನಿಜ, ಆದರೆ ಎಣಿಕೆಯ ಮೇಜಿನಲ್ಲಿ ಕೂತವರಿಗೆ ಯಾರು ಯಾರಿಗೆ ಮತ ಹಾಕಿದರೆಂದು ಓದಿಕೊಳ್ಳಲು ಅಷ್ಟೇ ಸಾಕು. ವಿಧಾನಸಭೆ, ಲೋಕಸಭೆಗಳಿಗೆ ಕಾಗದದ ಮತಪತ್ರ ಬಳಸುತ್ತಿದ್ದ ಕಾಲದಲ್ಲಿ ಕ್ರಮಸಂಖ್ಯೆ ಇರುತ್ತಿತ್ತು. ಆದರೆ ಅದರ ಪ್ರತಿಭಾಗಗಳನ್ನು ಬೇರೆಯೇ ಲಕೋಟೆಯಲ್ಲಿ ಮೊಹರು ಮಾಡಿಡುವ ಕಟ್ಟುನಿಟ್ಟಿನ ವ್ಯವಸ್ಥೆಯೂ ಇತ್ತು. ಸಣ್ಣ ಸಂಘದಲ್ಲಿ ಅಷ್ಟು ಕಾವಲು ಸಾಧ್ಯವಿಲ್ಲ. ಹಾಗಾಗಿ ಚೀಟಿಗೆ ಸಂಖ್ಯೆ ಬೇಡ. ಎಷ್ಟು ಚೀಟಿ ಹೋಯಿತು ಎಂಬುದು ದಾಖಲಾದರೆ ಸಾಕು, ಯಾವ ಚೀಟಿ ಯಾರಿಗೆ ಹೋಯಿತು ಎಂಬುದು ಎಲ್ಲಿಯೂ ಉಳಿಯಬಾರದು.

ಇದೇ ಕಾರಣಕ್ಕೆ ಗುರುತು ಹಾಕಲು ಎಲ್ಲರಿಗೂ ಒಂದೇ ಬಣ್ಣದ ಪೆನ್ನನ್ನು ಸಂಘವೇ ಇಡಬೇಕು. ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆಯುವ ಒಬ್ಬರೇ ಸದಸ್ಯರಿದ್ದರೆ ಅವರ ಮತ ರಹಸ್ಯವಾಗಿ ಉಳಿಯುವುದಿಲ್ಲ. ಮಡಿಸುವ ಕ್ರಮವನ್ನೂ ಹೇಳಿಕೊಡಬೇಕು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಮೊದಲೇ ಅಡ್ಡಕ್ಕೆ ಮಡಿಸಿದರೆ ಒಣಗದ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಮನೆಗೂ ಅಂಟಿ, ಇಬ್ಬರಿಗೂ ಮತ ಹಾಕಿದಂತೆ ಕಾಣುತ್ತದೆ. ಸಾರ್ವತ್ರಿಕ ಚುನಾವಣೆಯ ಮೊಹರಿನಲ್ಲಿ ಬಾಣದಂಥ ತುದಿಗಳಿರುವುದು ಇದಕ್ಕೇ. ಅಂಟಿದ ಗುರುತು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ, ಎಣಿಸುವವರಿಗೆ ಮೂಲ ಯಾವುದು ಅಂಟು ಯಾವುದು ಎಂದು ತಿಳಿಯುತ್ತದೆ. ಪೆನ್ನಿನ ಸರಿ ಗುರುತಿಗೆ ಆ ಅನುಕೂಲವಿಲ್ಲ.

ನಮ್ಮ ಸಂಘದಲ್ಲಿ 71 ಸದಸ್ಯರು ಸಹಿ ಹಾಕಿ ಮತಪತ್ರ ಪಡೆದರು. ಅವರಲ್ಲಿ ಒಬ್ಬರು ಗುರುತು ಹಾಕುವಾಗ ತಪ್ಪು ಮಾಡಿ ಚೀಟಿಯನ್ನು ವಾಪಸು ಕೊಟ್ಟು ಬೇರೆಯದು ಪಡೆದರು. ಹಾಳಾದ ಚೀಟಿಯ ಮೇಲೆ ‘ರದ್ದು’ ಎಂದು ಬರೆದು ಬೇರೆ ಇಡಲಾಯಿತು. ಹೀಗೆ ಕೊಟ್ಟ ಮತಪತ್ರ 72, ಉಳಿದದ್ದು 28. ಮತದಾನದ ಅವಧಿ ಮುಗಿದ ಕೂಡಲೇ, ಪೆಟ್ಟಿಗೆ ತೆರೆಯುವ ಮುಂಚೆ, ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಇಬ್ಬರು ಅಭ್ಯರ್ಥಿಗಳ ಏಜೆಂಟರ ಸಹಿ ಪಡೆಯಬೇಕು. ಪೆಟ್ಟಿಗೆ ತೆರೆದ ಮೇಲೆ ಬರೆದ ಲೆಕ್ಕಕ್ಕೆ ಆ ಬೆಲೆ ಇರುವುದಿಲ್ಲ.

ಬಿಚ್ಚದೆ ಎಣಿಸಬೇಕು

ಪೆಟ್ಟಿಗೆ ಮೇಜಿನ ಮೇಲೆ ಸುರಿದ ಮೇಲೆ ಮೊದಲ ಕೆಲಸ ಚೀಟಿ ಬಿಚ್ಚುವುದಲ್ಲ. ಮಡಿಸಿದ ಹಾಗೆಯೇ ಎಷ್ಟಿವೆ ಎಂದು ಎಣಿಸಬೇಕು, ಖಾಲಿ ಪೆಟ್ಟಿಗೆಯನ್ನು ಎಲ್ಲರಿಗೂ ತೋರಿಸಬೇಕು. ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲದ ಈ ಹೊತ್ತಿನಲ್ಲಿ ಸಂಖ್ಯೆಯ ಬಗ್ಗೆ ಜಗಳ ಹುಟ್ಟುವುದಿಲ್ಲ.

ನಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದ್ದು 70. ಇರಬೇಕಾದದ್ದು 71. ಒಂದು ಕಡಿಮೆ.

ಇಂಥ ಸಂದರ್ಭದಲ್ಲಿ ಕೆಲವು ಕಾರ್ಯದರ್ಶಿಗಳಿಗೆ ಗಾಬರಿಯಾಗಿ, 71 ಎಂದೇ ಬರೆದು ತಿರಸ್ಕೃತದಲ್ಲಿ ಒಂದು ಸೇರಿಸಿಬಿಡೋಣ ಅನಿಸುತ್ತದೆ. ಹಾಗೆ ಮಾಡಲೇಬಾರದು. ಚೀಟಿ ಕಡಿಮೆ ಬರುವುದು ಸಾಮಾನ್ಯ. ಯಾರೋ ಸಹಿ ಹಾಕಿ ಚೀಟಿ ಪಡೆದು, ಫೋನು ಬಂತೆಂದು ಹೊರಗೆ ಹೋಗಿ, ಪೆಟ್ಟಿಗೆಗೆ ಹಾಕದೆ ಮನೆ ಸೇರಿರುತ್ತಾರೆ. ಪೆಟ್ಟಿಗೆಗೆ ಬೀಳದ ಚೀಟಿ ಮತವಲ್ಲ. ‘ಒಂದು ಮತಪತ್ರ ಪೆಟ್ಟಿಗೆಗೆ ಬಂದಿಲ್ಲ’ ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಮುಗಿಯಿತು. ಈಗ ಲೆಕ್ಕ ಕೂಡುತ್ತದೆ: ಪೆಟ್ಟಿಗೆಯಲ್ಲಿ 70, ರದ್ದಾದದ್ದು 1, ಬಾರದ್ದು 1, ಒಟ್ಟು 72. ಅದಕ್ಕೆ ಉಳಿದ 28 ಸೇರಿದರೆ ಅಚ್ಚು ಹಾಕಿಸಿದ 100.

ನಿಜವಾಗಿ ಹೆದರಬೇಕಾದದ್ದು ಚೀಟಿ ಹೆಚ್ಚಾದಾಗ. 71 ಸಹಿಗೆ 73 ಚೀಟಿ ಬಂದರೆ ಯಾರೋ ಎರಡು ಹಾಕಿದ್ದಾರೆ, ಇಲ್ಲವೇ ಹೊರಗಿನ ಚೀಟಿ ಬಂದಿದೆ. ಹಿಂಬದಿಯಲ್ಲಿ ಸಹಿ ಇಲ್ಲದ ಚೀಟಿಗಳಿದ್ದರೆ ಅವನ್ನು ಬೇರೆ ಮಾಡಬಹುದು. ಎಲ್ಲದರ ಮೇಲೂ ಸಹಿ ಇದ್ದರೆ ಹೆಚ್ಚುವರಿ ಯಾವುದೆಂದು ಗುರುತಿಸಲು ದಾರಿಯಿಲ್ಲ. ಬೈಲಾದಲ್ಲಿ ಬೇರೆ ನಿಯಮವಿಲ್ಲದಿದ್ದರೆ ಇಲ್ಲಿ ನ್ಯಾಯವಾದ ಅಳತೆ ಒಂದೇ. ಗೆಲುವಿನ ಅಂತರ ಹತ್ತು ಇದ್ದು ಹೆಚ್ಚುವರಿ ಎರಡೇ ಇದ್ದರೆ, ಆ ಎರಡನ್ನೂ ಗೆದ್ದವರಿಂದ ಕಳೆದರೂ ಫಲಿತಾಂಶ ಬದಲಾಗದು. ಅಂತರ ಎರಡೋ ಅದಕ್ಕಿಂತ ಕಡಿಮೆಯೋ ಆಗಿದ್ದರೆ ಮತ್ತೆ ಮತದಾನ ನಡೆಸುವುದೇ ಸರಿ. ಯಾವುದನ್ನು ಮಾಡಿದರೂ ಆ ತೀರ್ಮಾನ ಮತ್ತು ಅದರ ಕಾರಣ ನಡಾವಳಿಯಲ್ಲಿರಬೇಕು.

ಅನುಮಾನದ ಚೀಟಿ ಮೊದಲು ತೀರಲಿ

ಈಗ ಚೀಟಿ ಬಿಚ್ಚುವ ಹೊತ್ತು. ಮೇಜಿನ ಮೇಲೆ ಮೂರು ಗುಡ್ಡೆ: ‘ಅ’ ಅವರದು, ‘ಬ’ ಅವರದು, ಅನುಮಾನದ್ದು. ಒಬ್ಬರು ಚೀಟಿ ಬಿಚ್ಚಿ ಏಜೆಂಟರಿಬ್ಬರಿಗೂ ಕಾಣುವಂತೆ ಹಿಡಿದು ಹೆಸರು ಓದಬೇಕು, ಇನ್ನೊಬ್ಬರು ಗೀಟು ಹಾಕಿ ಲೆಕ್ಕ ಬರೆಯಬೇಕು, ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವ ಹಳೆಯ ಪದ್ಧತಿಯಲ್ಲಿ. ಮೇಜಿನ ಮೇಲೆ ಮತದಾನಕ್ಕೆ ಬಳಸಿದ ಪೆನ್ನು ಇರಕೂಡದು. ಮತ ಹಾಕಿದ್ದು ನೀಲಿಯಲ್ಲಾದರೆ ಎಣಿಸುವವರ ಕೈಯಲ್ಲಿ ಕೆಂಪು ಪೆನ್ನಿರಲಿ. ಆಗ ಯಾವ ಗುರುತು ಮತದಾರರದು, ಯಾವುದು ಎಣಿಸಿದವರದು ಎಂಬ ಪ್ರಶ್ನೆ ಮುಂದೆಂದೂ ಏಳುವುದಿಲ್ಲ. ಚಂಡೀಗಢದಲ್ಲಿ ಇಡೀ ವ್ಯಾಜ್ಯ ನಿಂತದ್ದು ಈ ಪ್ರಶ್ನೆಯ ಮೇಲೆಯೇ.

ನಮ್ಮ ಸಂಘದಲ್ಲಿ 65 ಚೀಟಿಗಳು ಸ್ಪಷ್ಟವಾಗಿದ್ದವು, ಐದು ಅನುಮಾನದ ಗುಡ್ಡೆಗೆ ಹೋದವು. ಇಲ್ಲಿ ಒಂದು ಕ್ರಮವನ್ನು ತಪ್ಪದೆ ಪಾಲಿಸಬೇಕು. ಸ್ಪಷ್ಟ ಚೀಟಿಗಳ ಮೊತ್ತ ಹೇಳುವ ಮೊದಲೇ ಅನುಮಾನದ ಚೀಟಿಗಳನ್ನು ತೀರ್ಮಾನಿಸಿಬಿಡಬೇಕು. ‘ಅ’ ಒಂದು ಮತದಿಂದ ಮುಂದಿದ್ದಾರೆ ಎಂದು ತಿಳಿದ ಮೇಲೆ ಯಾರ ಕಣ್ಣೂ ಚೀಟಿಯನ್ನು ಚೀಟಿಯಾಗಿ ನೋಡುವುದಿಲ್ಲ, ಅದು ಯಾರಿಗೆ ಅನುಕೂಲ ಎಂದು ನೋಡುತ್ತದೆ. ಅದಕ್ಕಾಗಿ ಗೀಟು ಹಾಕುವ ಕಾಗದವನ್ನು ಅಲ್ಲಿಯವರೆಗೆ ಮಗುಚಿ ಇಡುವುದು ಒಳ್ಳೆಯದು.

ಆ ಐದು ಚೀಟಿಗಳನ್ನು ನೋಡೋಣ. ಒಂದರಲ್ಲಿ ಗುರುತೇ ಇರಲಿಲ್ಲ. ಒಂದರಲ್ಲಿ ಇಬ್ಬರ ಹೆಸರಿನ ಮುಂದೆಯೂ ಸರಿ ಗುರುತಿತ್ತು. ಮೂರನೆಯದರಲ್ಲಿ ಮತದಾರರು ತಮ್ಮ ಸಹಿಯನ್ನೇ ಹಾಕಿದ್ದರು. ಪಾಪ, ಬ್ಯಾಂಕಿನ ಚೀಟಿಗೆ ಸಹಿ ಹಾಕಿದ ಅಭ್ಯಾಸ. ಆದರೆ ಮತದಾರರನ್ನು ಗುರುತಿಸುವ ಚೀಟಿ ರಹಸ್ಯ ಮತವಾಗದು. ಗುರುತಿರುವ ಚೀಟಿಯನ್ನು ಒಪ್ಪಿದರೆ, ನನಗೇ ಹಾಕಿದ್ದೀಯಾ ಎಂದು ಸಾಬೀತು ಮಾಡು ಎಂದು ಮತದಾರರನ್ನು ಒತ್ತಾಯಿಸಲು ದಾರಿಯಾಗುತ್ತದೆ. ಈ ಮೂರೂ ತಿರಸ್ಕೃತ.

ನಾಲ್ಕನೆಯದರಲ್ಲಿ ‘ಬ’ ಅವರ ಮನೆಯಲ್ಲೇ ಎರಡು ಸಲ ಸರಿ ಗುರುತಿತ್ತು. ಐದನೆಯದರಲ್ಲಿ ‘ಅ’ ಅವರ ಮನೆಯಲ್ಲಿ ಶುರುವಾದ ಗುರುತಿನ ಬಾಲ ಗೆರೆ ದಾಟಿ ಪಕ್ಕಕ್ಕೆ ಚಾಚಿತ್ತು. ಇವೆರಡೂ ಸಿಂಧು. ನಮ್ಮ ಸಾರ್ವತ್ರಿಕ ಚುನಾವಣೆಗಳ 1961ರ ನಿಯಮಗಳಲ್ಲೂ ಇದೇ ನೀತಿಯಿದೆ: ಗುರುತು ಮಸುಕಾಗಿದೆ ಅಥವಾ ಎರಡು ಸಲ ಬಿದ್ದಿದೆ ಎಂಬ ಕಾರಣಕ್ಕೆ, ಮತ ಯಾರಿಗೆಂದು ಸ್ಪಷ್ಟವಾಗಿರುವಾಗ, ಚೀಟಿಯನ್ನು ತಿರಸ್ಕರಿಸಬಾರದು. ತಿರಸ್ಕರಿಸಿದ ಪ್ರತಿ ಚೀಟಿಯ ಮೇಲೆ ‘ತಿರಸ್ಕೃತ’ ಎಂದು, ಕಾರಣವನ್ನು ಚುಟುಕಾಗಿ, ಬರೆಯಬೇಕೆಂಬುದೂ ಆ ನಿಯಮಗಳಲ್ಲಿದೆ. ಸಂಘಗಳಿಗೆ ಆ ನಿಯಮಗಳು ನೇರವಾಗಿ ಅನ್ವಯಿಸುವುದಿಲ್ಲ, ಅವರವರ ಬೈಲಾವೇ ಮೊದಲು. ಬೈಲಾ ಸುಮ್ಮನಿದ್ದ ಕಡೆ ಈ ಮಾದರಿಯನ್ನು ಹಿಡಿಯುತ್ತೇವೆಂದು ಮತದಾನಕ್ಕೆ ಮೊದಲೇ ಸಭೆಯಲ್ಲಿ ಓದಿ ಹೇಳಿದರೆ ಆಮೇಲೆ ತಕರಾರು ಏಳದು.

ಈಗ ಗುಡ್ಡೆಗಳನ್ನು ಎಣಿಸಬಹುದು. ‘ಅ’ 34, ‘ಬ’ 33, ತಿರಸ್ಕೃತ 3. ಒಟ್ಟು 70.

ಒಂದು ಮತದ ಅಂತರ

ಅಂತರ ಒಂದೇ ಮತ. ಪೆಟ್ಟಿಗೆಗೆ ಬಾರದ ಚೀಟಿಯೂ ಒಂದೇ. ‘ಬ’ ಅವರ ಮನಸ್ಸಿನಲ್ಲಿ ಏನು ನಡೆದಿರುತ್ತದೆಂದು ಊಹಿಸುವುದು ಕಷ್ಟವಲ್ಲ. ಕರ್ನಾಟಕದವರಿಗೆ ಒಂದು ಮತದ ತೂಕ ಗೊತ್ತು. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂದರೆ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751.

‘ಬ’ ಅವರ ಏಜೆಂಟರು ಮರು ಎಣಿಕೆ ಕೇಳಿದರು. ಘೋಷಣೆಗೆ ಮುಂಚೆ ಕೇಳಿದ ಮರು ಎಣಿಕೆಯನ್ನು ನಿರಾಕರಿಸಲು ಇಂಥ ಅಂತರದಲ್ಲಿ ಕಾರಣವೇ ಇಲ್ಲ. ಮರು ಎಣಿಕೆಯನ್ನು ಬೇರೆಯವರು ಮಾಡುವುದು ಮೇಲು, ಏಕೆಂದರೆ ಮೊದಲು ತಪ್ಪಿದ ಕಣ್ಣು ಎರಡನೆಯ ಸಲವೂ ಅಲ್ಲೇ ತಪ್ಪುತ್ತದೆ. ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿವೆಯೇ, ಒಬ್ಬರ ಕಟ್ಟಿನಲ್ಲಿ ಇನ್ನೊಬ್ಬರದು ಸೇರಿದೆಯೇ ಎಂದು ನೋಡಬೇಕು. ನಮ್ಮ ಸಂಘದಲ್ಲಿ ಎರಡನೆಯ ಸಲವೂ 34, 33, 3 ಬಂತು. ಬಾರದ ಚೀಟಿಯ ವಿಷಯವನ್ನು ಪೆಟ್ಟಿಗೆ ಬಿಚ್ಚುವ ಹೊತ್ತಿಗೇ, ಇಬ್ಬರೂ ಏಜೆಂಟರ ಸಹಿಯೊಂದಿಗೆ, ಬರೆದಿಟ್ಟಿದ್ದರಿಂದ ಅದು ಈಗ ಹೊಸ ಜಗಳವಾಗಲಿಲ್ಲ. ಅದೇ ಸಂಗತಿ ಫಲಿತಾಂಶದ ನಂತರ ಬೆಳಕಿಗೆ ಬಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆ ಚೀಟಿ ಬಂದು, ಅದು ‘ಬ’ ಅವರಿಗೆ ಬಿದ್ದಿದ್ದರೆ ಸಮಬಲವಾಗುತ್ತಿತ್ತು. ಆಗ ಚೀಟಿ ಎತ್ತುವುದೇ ವಾಡಿಕೆ. 2017ರ ಮುಂಬೈ ಪಾಲಿಕೆ ಚುನಾವಣೆಯಲ್ಲಿ ಒಂದು ವಾರ್ಡಿನ ಇಬ್ಬರಿಗೂ 5,946 ಮತಗಳೇ ಬಂದು, ಕೊನೆಗೆ ಚೀಟಿಯೇ ನಿರ್ಧರಿಸಿತು. ಚೀಟಿ ಎತ್ತುವಾಗ ಎಡವುವುದು ಒಂದೇ ಕಡೆ: ಎತ್ತಿದ ಚೀಟಿಯಲ್ಲಿ ಹೆಸರಿರುವವರು ಗೆದ್ದರೋ, ಕಣದಿಂದ ಹೊರಗೆ ಹೋದರೋ? ಎರಡೂ ಪದ್ಧತಿ ನಮ್ಮಲ್ಲಿವೆ. ಸಾರ್ವತ್ರಿಕ ಚುನಾವಣೆಯ ಕಾನೂನಿನಲ್ಲಿ ಚೀಟಿ ಯಾರಿಗೆ ಬೀಳುತ್ತದೋ ಅವರಿಗೆ ಒಂದು ಮತ ಹೆಚ್ಚು ಬಂತೆಂದು ಎಣಿಸುತ್ತಾರೆ. ಯಾವ ಪದ್ಧತಿಯೆಂದು ಎತ್ತುವ ಮೊದಲೇ ಹೇಳಿ, ಇಬ್ಬರ ಸಹಿ ಪಡೆದು, ಎತ್ತಿದವರ ಹೆಸರನ್ನೂ ನಡಾವಳಿಗೆ ಸೇರಿಸಬೇಕು.

ನಡಾವಳಿಯ ಪುಟ

ಇಷ್ಟೆಲ್ಲ ಆದ ಮೇಲೆ ಬರೆಯಬೇಕಾದದ್ದು ಅರ್ಧ ಪುಟ ಮಾತ್ರ. ನಮ್ಮ ಸಂಘದ ನಡಾವಳಿ ಹೀಗಿರಬಹುದು:

‘ಅಧ್ಯಕ್ಷ ಸ್ಥಾನಕ್ಕೆ ಮೂರು ನಾಮಪತ್ರಗಳು ಬಂದು, ಪರಿಶೀಲನೆಯಲ್ಲಿ ಮೂರೂ ಕ್ರಮಬದ್ಧವೆಂದು ಕಂಡುಬಂದವು. ಒಬ್ಬರು ನಿಗದಿತ ವೇಳೆಯೊಳಗೆ ನಾಮಪತ್ರ ವಾಪಸು ಪಡೆದ ಕಾರಣ ಶ್ರೀ ಅ ಮತ್ತು ಶ್ರೀ ಬ ಕಣದಲ್ಲಿ ಉಳಿದರು. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ರಹಸ್ಯ ಮತದಾನ ನಡೆಯಿತು. ಮತದಾನದ ಹಕ್ಕುಳ್ಳ 84 ಸದಸ್ಯರಲ್ಲಿ 71 ಮಂದಿ ಸಹಿ ಮಾಡಿ ಮತಪತ್ರ ಪಡೆದರು. ಸಿದ್ಧಪಡಿಸಿದ 100 ಮತಪತ್ರಗಳಲ್ಲಿ ಬದಲಿ ಕೊಟ್ಟದ್ದೂ ಸೇರಿ 72 ವಿತರಣೆಯಾಗಿ 28 ಉಳಿದವು. ಹಾಳಾಗಿ ವಾಪಸು ಬಂದದ್ದು 1. ಪೆಟ್ಟಿಗೆಯಲ್ಲಿ ದೊರೆತದ್ದು 70. ಪೆಟ್ಟಿಗೆಗೆ ಬಾರದೆ ಉಳಿದದ್ದು 1. ಎಣಿಕೆ ಉಭಯ ಅಭ್ಯರ್ಥಿಗಳ ಏಜೆಂಟರ ಸಮಕ್ಷಮ ನಡೆಯಿತು. ಗುರುತಿಲ್ಲದ್ದು 1, ಇಬ್ಬರಿಗೂ ಗುರುತಿದ್ದದ್ದು 1, ಮತದಾರರ ಸಹಿ ಇದ್ದದ್ದು 1, ಹೀಗೆ 3 ಮತಪತ್ರಗಳು ತಿರಸ್ಕೃತವಾದವು. ಸಿಂಧುವಾದ 67 ಮತಗಳಲ್ಲಿ ಶ್ರೀ ಅ ಅವರಿಗೆ 34 (ಮೂವತ್ತನಾಲ್ಕು), ಶ್ರೀ ಬ ಅವರಿಗೆ 33 (ಮೂವತ್ತಮೂರು) ಮತಗಳು ಬಂದವು. ಶ್ರೀ ಬ ಅವರ ಕೋರಿಕೆಯಂತೆ ಮರು ಎಣಿಕೆ ನಡೆಸಲಾಗಿ ಸಂಖ್ಯೆಗಳಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಶ್ರೀ ಅ ಅವರು ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆಂದು ಚುನಾವಣಾಧಿಕಾರಿಗಳು ಮಧ್ಯಾಹ್ನ 2.20ಕ್ಕೆ ಸಭೆಯಲ್ಲಿ ಘೋಷಿಸಿದರು.’

ಮತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದದ್ದನ್ನು ಗಮನಿಸಿ. ಅಂಕಿಯನ್ನು ತಿದ್ದುವುದು ಸುಲಭ, ಅಕ್ಷರವನ್ನು ತಿದ್ದಿದರೆ ಕಣ್ಣಿಗೆ ಬೀಳುತ್ತದೆ. ಬರೆಯುವಾಗ ತಪ್ಪಾದರೆ ಬಿಳಿ ಶಾಯಿ ಬಳಿಯಬಾರದು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಚುನಾವಣಾಧಿಕಾರಿ ಚಿಕ್ಕ ಸಹಿ ಹಾಕಬೇಕು. ಘೋಷಣೆಯ ವೇಳೆ ಬರೆಯುವುದು ತಕರಾರಿನ ಅವಧಿ ಅಲ್ಲಿಂದ ಶುರುವಾಗುವುದರಿಂದ. ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳಿಗೂ ಮತದಾನ ನಡೆದಿದ್ದರೆ ಪ್ರತಿಯೊಂದಕ್ಕೂ ಬೇರೆ ಬಣ್ಣದ ಮತಪತ್ರ, ನಡಾವಳಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಪ್ಯಾರಾ. ಒಬ್ಬರೇ ಉಳಿದ ಸ್ಥಾನಕ್ಕೆ ‘ಅವಿರೋಧವಾಗಿ’ ಎಂದು ಬರೆಯಬೇಕು, ‘ಬಹುಮತದಿಂದ’ ಎಂದಲ್ಲ.

ಕೆಳಗೆ ಚುನಾವಣಾಧಿಕಾರಿಯ ಸಹಿ, ಏಜೆಂಟರ ಸಹಿ. ಸೋತವರ ಕಡೆಯವರು ಸಹಿ ಹಾಕಲು ಒಪ್ಪದಿದ್ದರೆ ಫಲಿತಾಂಶ ಬೀಳುವುದಿಲ್ಲ. ಒಪ್ಪಲಿಲ್ಲ ಎಂಬುದನ್ನೂ, ಕಾರಣ ಹೇಳಿದ್ದರೆ ಅದನ್ನೂ ಬರೆದರೆ ಸಾಕು.

ಲಕೋಟೆ

ಸಭೆ ಚದುರುವ ಮುಂಚೆ ಇನ್ನೊಂದು ಕೆಲಸವಿದೆ. ಸಿಂಧು ಮತಪತ್ರ, ತಿರಸ್ಕೃತ ಮತಪತ್ರ, ರದ್ದಾದದ್ದು, ಉಳಿದದ್ದು ಇವುಗಳನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿ, ಒಳಗೆಷ್ಟಿದೆ ಎಂದು ಮೇಲೆ ಬರೆದು, ಅರಗು ಹಾಕಿ, ಅಂಟಿದ ಜಾಗದ ಮೇಲೆ ಎಲ್ಲರೂ ಸಹಿ ಮಾಡಬೇಕು. ಸಹಿಗಳಿರುವ ಮತದಾರರ ಪಟ್ಟಿ ಬೇರೆಯೇ ಲಕೋಟೆಗೆ ಹೋಗಬೇಕು. ಇವು ಗೆದ್ದವರ ಕೈಯಲ್ಲಾಗಲಿ ಸೋತವರ ಕೈಯಲ್ಲಾಗಲಿ ಇರಬಾರದು, ಚುನಾವಣಾಧಿಕಾರಿಯ ವಶದಲ್ಲಿರಬೇಕು. ಸಹಕಾರ ಸಂಘವಾದರೆ ಪದಾಧಿಕಾರಿಗಳ ಆಯ್ಕೆಯ ತಕರಾರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂನ ಕೆಳಗೆ ಹೋಗುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗಿನ ಸಂಘವಾದರೆ ಹೊಸ ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗೆ ಸಲ್ಲಬೇಕು. ಎರಡು ಕಡೆಯೂ ಮೊದಲು ಕೇಳುವುದು ನಡಾವಳಿಯ ಪ್ರತಿಯನ್ನೇ. ತಕರಾರಿನ ಅವಧಿ ಮುಗಿದು, ಯಾವ ವ್ಯಾಜ್ಯವೂ ಇಲ್ಲವೆಂದು ಖಚಿತವಾದ ಮೇಲೆ, ಸಭೆಯಲ್ಲಿ ನಿರ್ಣಯ ಮಾಡಿ ಮತಪತ್ರಗಳನ್ನು ನಾಶಪಡಿಸಬಹುದು. ಆ ನಿರ್ಣಯವೂ ನಡಾವಳಿಗೆ ಸೇರಬೇಕು.

ಚಂಡೀಗಢದ ಎಂಟು ಚೀಟಿಗಳು ಯಾರದೋ ಮನೆಯ ಒಲೆ ಸೇರಿದ್ದರೆ ನ್ಯಾಯಾಲಯಕ್ಕೆ ನೋಡಲು ಏನೂ ಉಳಿಯುತ್ತಿರಲಿಲ್ಲ, 16, 12, 8 ಎಂಬ ಸರಿಯಾದ ಕೂಡುಲೆಕ್ಕವೇ ಇವತ್ತಿಗೂ ಫಲಿತಾಂಶವಾಗಿರುತ್ತಿತ್ತು. ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಕಳೆದ ಚುನಾವಣೆಯ ನಡಾವಳಿಯನ್ನು ಓದಿಸಿ ಕೇಳಿ. ತಿರಸ್ಕೃತ ಮತಗಳು ಎಷ್ಟು, ಯಾವ ಕಾರಣಕ್ಕೆ ಎಂಬುದು ಅದರಲ್ಲಿ ಇಲ್ಲದಿದ್ದರೆ, ಈ ಸಲದ ಚುನಾವಣೆಗೆ ಮುಂಚೆಯೇ ಅದನ್ನು ಬರೆಯುವ ನಿಯಮ ಮಾಡಿಸಿ.